ಅಳಿಸಿದ ಮಾತು ಉಳಿದಿರುವುದೆಲ್ಲಿ?

ಕಾಗದವು ಬರೆದವರ ಕೈಬಿಟ್ಟು ಓದಿದವರ ಪೆಟ್ಟಿಗೆಯನ್ನು ಸೇರುತ್ತಿದ್ದ ಕಾಲದಲ್ಲಿ ಅದರ ಪ್ರತಿ ಒಂದೇ. ಪೆಟ್ಟಿಗೆ ಕಳುವಾದರೆ ಕಾಗದವೂ ಹೋದಂತೆಯೇ. ಇಂದು ಕೈಫೋನಿನಲ್ಲಿ ನಡೆಯುವ ಮಾತುಕತೆಯ ಸಂಗತಿ ಹಾಗಲ್ಲ. ಒಂದೇ ಮಾತು ಕಳುಹಿಸಿದವರ ಫೋನಿನಲ್ಲಿ, ಪಡೆದವರ ಫೋನಿನಲ್ಲಿ, ರಾತ್ರಿ ತಾನಾಗಿಯೇ ಬರೆದುಕೊಳ್ಳುವ ನಕಲಿನಲ್ಲಿ, ದೂರದ ಗಣಕದಲ್ಲಿರುವ ಇನ್ನೊಂದು ನಕಲಿನಲ್ಲಿ, ಹೀಗೆ ನಾಲ್ಕೆಡೆ ಇರಬಲ್ಲುದು. ಆದ್ದರಿಂದ ವಂಚಕನೊಬ್ಬನು ಖಾತೆಯನ್ನು ಕಸಿದುಕೊಂಡು ಸಂಭಾಷಣೆಗಳನ್ನೆಲ್ಲ ಅಳಿಸಿಹಾಕಿದನೆಂದು ತಿಳಿದಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಹೋಯಿತೆ?’ ಎಂದಲ್ಲ, ‘ಯಾವ ಪ್ರತಿ ಹೋಯಿತು, ಯಾವುದು ಉಳಿದಿದೆ?’ ಎಂದು.

ಈ ಪ್ರಶ್ನೆಯನ್ನು ಕೇಳದೆ ಗಾಬರಿಯಿಂದ ಫೋನನ್ನು ಒತ್ತತೊಡಗಿದವರು, ಕಳ್ಳನು ಮುಟ್ಟಲಾರದೆ ಬಿಟ್ಟುಹೋದುದನ್ನು ತಾವೇ ಕೈಯಾರೆ ಕಳೆದುಕೊಳ್ಳುವುದುಂಟು.

ಸಿಮ್ ಬದಲಾದ ಬಗೆ

ಸಿಮ್ ಬದಲಾವಣೆಯ ಮೋಸದಲ್ಲಿ ಕಳ್ಳನು ಫೋನನ್ನು ಕದಿಯುವುದೇ ಇಲ್ಲ. ಚಂದಾದಾರರ ಹೆಸರು, ವಿಳಾಸ, ಗುರುತಿನ ಪತ್ರದ ನಕಲು ಮುಂತಾದವನ್ನು ಹೇಗೋ ಸಂಪಾದಿಸಿ, ‘ಸಿಮ್ ಕಳೆದುಹೋಗಿದೆ, ಬದಲಿ ಕೊಡಿ’ ಎಂದು ಮೊಬೈಲ್ ಕಂಪೆನಿಯ ಮಳಿಗೆಯನ್ನು ನಂಬಿಸುತ್ತಾನೆ. ಒಳಗಿನವರೊಬ್ಬರ ಕೈವಾಡದಿಂದಲೂ ಇದು ನಡೆದಿರುವುದುಂಟು. ಹೊಸ ಸಿಮ್ ಜೀವ ತಳೆದ ಕ್ಷಣದಲ್ಲಿ ನಿಜವಾದ ಒಡೆಯರ ಸಿಮ್ ಸತ್ತುಹೋಗುತ್ತದೆ. ಫೋನಿನ ಮೇಲ್ತುದಿಯ ಸಂಕೇತದ ಗೆರೆಗಳು ಮಾಯವಾಗುತ್ತವೆ. ಮನೆಯಲ್ಲಿ ಅದೇ ಕಂಪೆನಿಯ ಬೇರೊಂದು ಫೋನು ಸರಿಯಾಗಿ ನಡೆಯುತ್ತಿದ್ದು, ಇದೊಂದೇ ಗಂಟೆಗಟ್ಟಲೆ ಮೂಕವಾಗಿದ್ದರೆ, ಗೋಪುರದ ದೋಷವೆಂದು ಸುಮ್ಮನಿರುವುದು ಅಪಾಯಕರ.

ಭಾರತದ ದೂರಸಂಪರ್ಕ ಇಲಾಖೆಯು 2022ರಲ್ಲಿ ಒಂದು ತಡೆಯನ್ನು ವಿಧಿಸಿತು: ಬದಲಿ ಸಿಮ್ ಚಾಲನೆಗೆ ಬಂದ ಮೇಲೆ 24 ಗಂಟೆಗಳ ಕಾಲ ಅದಕ್ಕೆ ಎಸ್‌ಎಂಎಸ್ ಬರುವುದೂ ಇಲ್ಲ, ಅದರಿಂದ ಹೋಗುವುದೂ ಇಲ್ಲ. ಬ್ಯಾಂಕಿನ ಗುಪ್ತಸಂಖ್ಯೆಗಳು ಕಳ್ಳನ ಕೈಸೇರಬಾರದೆಂಬುದು ಇದರ ಉದ್ದೇಶ. ಆದರೆ ಈ ತಡೆಯಲ್ಲಿ ಒಂದು ಕಿಂಡಿಯಿದೆ. ವಾಟ್ಸ್‌ಆಪ್ ತನ್ನ ಆರಂಕಿಯ ಗುಪ್ತಸಂಖ್ಯೆಯನ್ನು ಎಸ್‌ಎಂಎಸ್ ಮೂಲಕವಲ್ಲದೆ ಫೋನ್ ಕರೆಯ ಮೂಲಕವೂ ಹೇಳುತ್ತದೆ, ಕರೆಗೆ ತಡೆಯಿಲ್ಲ. ಈ ಕಿಂಡಿ ಕಳ್ಳನಿಗೆ ಎಷ್ಟು ಉಪಯೋಗವೋ, ಹೊಸ ಸಿಮ್ ಪಡೆದು ಬಂದ ನಿಜವಾದ ಒಡೆಯರಿಗೂ ಅಷ್ಟೇ ಉಪಯೋಗ. ಎಸ್‌ಎಂಎಸ್ ಬರಲಿಲ್ಲವೆಂದು ಒಂದು ದಿನ ಕಾಯಬೇಕಾಗಿಲ್ಲ. ಕರೆಯ ಆಯ್ಕೆಯನ್ನು ಒತ್ತಿದರೆ ಸಾಕು.

ಕಳ್ಳನ ಕೈಗೆ ಸಿಕ್ಕಿದ್ದೇನು?

ವಾಟ್ಸ್‌ಆಪ್ ಖಾತೆಯನ್ನು ತನ್ನ ಫೋನಿನಲ್ಲಿ ತೆರೆದ ಕಳ್ಳನಿಗೆ ಮೊದಲು ಕಾಣುವುದು ಬರಿದಾದ ಪುಟ. ಹಳೆಯ ಮಾತುಗಳು ಕಂಪೆನಿಯ ಗಣಕದಲ್ಲಿಲ್ಲ. ಅವು ಒಡೆಯರ ಫೋನಿನೊಳಗಿವೆ. ತಲಪಿದ ಸಂದೇಶವನ್ನು ಕಂಪೆನಿ ಇಟ್ಟುಕೊಳ್ಳುವುದಿಲ್ಲ. ತಲಪದೆ ಉಳಿದುದನ್ನು ಮಾತ್ರ 30 ದಿನಗಳವರೆಗೆ ಕಾದಿರಿಸುತ್ತದೆ. ಹೀಗಾಗಿ ‘ಕಂಪೆನಿಯ ಸರ್ವರಿನಿಂದ ಹಳೆಯ ಚಾಟ್ ತೆಗೆಸಿಕೊಡುತ್ತೇವೆ’ ಎಂದು ಹಣ ಕೇಳುವವರ ಮಾತು ಎರಡನೆಯ ಮೋಸವೇ ಹೊರತು ಬೇರೆಯಲ್ಲ.

ಹಾಗಾದರೆ ಕಳ್ಳನು ಅಳಿಸುವುದು ಏನನ್ನು? ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆಪ್ ಎರಡು ನಕಲುಗಳನ್ನು ಮಾಡಬಲ್ಲುದು. ಒಂದು ಫೋನಿನೊಳಗೇ, ಪ್ರತಿರಾತ್ರಿ ಎರಡು ಗಂಟೆಗೆ. ಇನ್ನೊಂದು, ಒಡೆಯರು ಒಪ್ಪಿದ್ದರೆ, ಅವರ ಗೂಗಲ್ ಖಾತೆಯಲ್ಲಿ. ಗೂಗಲ್ ಖಾತೆಯ ಪಾಸ್‌ವರ್ಡ್ ಮರೆತವರಿಗೆ ದಾರಿ ತೋರಿಸುವುದಕ್ಕೂ ಅದೇ ಮೊಬೈಲ್ ಸಂಖ್ಯೆಯನ್ನು ಕೊಟ್ಟಿದ್ದರೆ, ಸಂಖ್ಯೆಯನ್ನು ಹಿಡಿದ ಕಳ್ಳನಿಗೆ ಆ ಬಾಗಿಲೂ ತೆರೆಯಬಹುದು. ಆಗ ಅವನು ಗೂಗಲಿನ ನಕಲನ್ನು ತನ್ನ ಫೋನಿಗೆ ಇಳಿಸಿಕೊಂಡು, ಬೇಕಾದುದನ್ನು ಓದಿ, ಸಂಭಾಷಣೆಗಳನ್ನು ಅಳಿಸಿ, ಅಳಿಸಿದ ಸ್ಥಿತಿಯನ್ನೇ ಮತ್ತೆ ಗೂಗಲಿಗೆ ನಕಲು ಮಾಡುತ್ತಾನೆ. ಅಲ್ಲಿರುವುದು ಯಾವಾಗಲೂ ಕಡೆಯ ನಕಲೊಂದೇ. ಹೊಸದು ಬಂದರೆ ಹಳೆಯದು ಹೋಯಿತು.

ಆದರೆ ಒಡೆಯರ ಕೈಯಲ್ಲಿರುವ ಫೋನಿನೊಳಕ್ಕೆ ಅವನ ಕೈ ಚಾಚುವುದಿಲ್ಲ. ಅತ್ತ ಕಡೆಯ ಬಂಧುಮಿತ್ರರ ಫೋನುಗಳಿಗೂ ಚಾಚುವುದಿಲ್ಲ. ನಾಲ್ಕು ಪ್ರತಿಗಳಲ್ಲಿ ಅವನು ಕೆಡಿಸಿದ್ದು ಒಂದನ್ನು ಮಾತ್ರ. ಸಂಕಟವೆಂದರೆ, ಹೊಸದಾಗಿ ಹಾಕಿಕೊಂಡ ವಾಟ್ಸ್‌ಆಪ್ ಮೊದಲು ಹುಡುಕುವುದು ಆ ಕೆಟ್ಟ ಪ್ರತಿಯನ್ನೇ.

ಒಂದು ಮನೆಯ ನಿದರ್ಶನ

ವಿಷಯವು ಸ್ಪಷ್ಟವಾಗುವಂತೆ ಮೈಸೂರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ನಿವೃತ್ತ ಶಿಕ್ಷಕಿಯೊಬ್ಬರು, ಪತಿ ಹಿಂದಿನ ವರ್ಷ ತೀರಿಕೊಂಡಿದ್ದಾರೆ. ಆಸ್ಪತ್ರೆಯಿಂದ ಅವರು ಕಳುಹಿಸುತ್ತಿದ್ದ ಸಣ್ಣಪುಟ್ಟ ಮಾತುಗಳು, ‘ಕಾಫಿಗೆ ಸಕ್ಕರೆ ಹಾಕಿಬಿಟ್ಟಿದ್ದಾರೆ’ ಎಂಬಂಥ ದೂರುಗಳು, ಎಲ್ಲವೂ ಆಕೆಯ ಫೋನಿನ ಒಂದು ಸಂಭಾಷಣೆಯಲ್ಲಿವೆ. ಪತಿಯ ಫೋನನ್ನು ಆಗಲೇ ಅಳಿಸಿ ಬೇರೆಯವರಿಗೆ ಕೊಟ್ಟಾಗಿದೆ. ಎಂದರೆ, ಅತ್ತ ಕಡೆಯ ಪ್ರತಿ ಇಲ್ಲ.

2025ರ ಜೂನ್ 12, ಗುರುವಾರ. ಸಂಜೆ ಏಳಕ್ಕೆ ಫೋನಿನ ಸಂಕೇತ ಹೋಯಿತು. ರಾತ್ರಿ ಹತ್ತಕ್ಕೆ ಮನೆಯ ವೈಫೈಯಲ್ಲಿ ನಡೆಯುತ್ತಿದ್ದ ವಾಟ್ಸ್‌ಆಪ್, ಈ ಸಂಖ್ಯೆ ಈ ಫೋನಿನಲ್ಲಿ ನೋಂದಣಿಯಾಗಿಲ್ಲವೆಂದೂ ಬೇರೆ ಫೋನಿನಲ್ಲಿ ನೋಂದಾಯಿಸಿರಬಹುದೆಂದೂ ತಿಳಿಸಿತು. ಮರುದಿನ ಬೆಳಗ್ಗೆ ತಂಗಿಯೊಬ್ಬಳು ಪಕ್ಕದ ಮನೆಯ ಫೋನಿಗೆ ಕರೆಮಾಡಿ, ‘ಅಕ್ಕ, ರಾತ್ರಿ ನೀನು ಮೂವತ್ತು ಸಾವಿರ ಬೇಕೆಂದು ಕೇಳಿದೆಯಲ್ಲ, ನಿಜವೆ?’ ಎಂದಾಗ ಸಂಗತಿ ಬಯಲಾಯಿತು.

ಬೆಂಗಳೂರಿನಲ್ಲಿದ್ದ ಮಗಳು ಹೇಳಿದ ಮೊದಲ ಮಾತು ಇದು: ‘ಅಮ್ಮ, ಆ ವಾಟ್ಸ್‌ಆಪನ್ನು ತೆಗೆದುಹಾಕಬೇಡ. ಅದರಲ್ಲಿ ಏನನ್ನೂ ಒತ್ತಬೇಡ. ಹಾಗೆಯೇ ಇರಲಿ.’

ಈ ಮಾತಿನಲ್ಲಿ ಅರ್ಧ ಚಿಕಿತ್ಸೆ ಅಡಗಿದೆ. ನೋಂದಣಿ ತಪ್ಪಿದ ವಾಟ್ಸ್‌ಆಪಿನ ಒಳಗೆ ಹಳೆಯ ಸಂಭಾಷಣೆಗಳು ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ಅದೇ ಫೋನಿನಲ್ಲಿ ಅದೇ ಸಂಖ್ಯೆಯನ್ನು ಮತ್ತೆ ದೃಢಪಡಿಸಿದರೆ ಅವು ಇದ್ದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಗೂಗಲಿನ ಕೆಟ್ಟ ನಕಲಿನ ಗೊಡವೆಯೇ ಬೀಳದು.

ತಾಯಿ ಗುರುತಿನ ಪತ್ರದೊಂದಿಗೆ ಮೊಬೈಲ್ ಕಂಪೆನಿಯ ಮಳಿಗೆಗೆ ಹೋಗಿ ಬದಲಿ ಸಿಮ್ ಪಡೆದರು. ಆ ಕೂಡಲೆ ಕಳ್ಳನ ಸಿಮ್ ನಿಂತುಹೋಯಿತು. ಹಿಂದಿನ ಸಂಜೆಯ ಬದಲಾವಣೆ ಯಾವ ಮಳಿಗೆಯಲ್ಲಿ, ಎಷ್ಟು ಗಂಟೆಗೆ ಆಯಿತೆಂಬುದನ್ನು ತಿಳಿಸುವಂತೆ ಲಿಖಿತ ದೂರನ್ನೂ ಕೊಟ್ಟರು. 1930 ಎಂಬ ಸಹಾಯವಾಣಿಗೂ cybercrime.gov.in ಎಂಬ ಸರಕಾರಿ ತಾಣಕ್ಕೂ ದೂರು ಹೋಯಿತು. ಮಗಳು ಅಷ್ಟರಲ್ಲಿ ಮೈಸೂರಿಗೆ ಬಂದು ಗೂಗಲ್ ಖಾತೆಯನ್ನು ಮರಳಿ ವಶಪಡಿಸಿಕೊಂಡು, ಪಾಸ್‌ವರ್ಡ್ ಬದಲಿಸಿ, ಅಪರಿಚಿತ ಫೋನನ್ನು ಅದರಿಂದ ಹೊರಹಾಕಿದಳು.

ಅನಂತರ ಆಕೆ ಮಾಡಿದ ಕೆಲಸವೇ ಮುಂದೆ ಮನೆಯವರನ್ನು ಉಳಿಸಿದ್ದು. ಫೋನನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಸಂಗ್ರಹದಲ್ಲಿ ಈ ಜಾಡನ್ನು ಹಿಡಿದು ಹೋದಳು:

```
Android/media/com.whatsapp/WhatsApp
```

ಅದರೊಳಗೆ Databases ಎಂಬ ಫೋಲ್ಡರಿನಲ್ಲಿ ಸಂಭಾಷಣೆಗಳ ನಕಲೂ Media ಎಂಬುದರಲ್ಲಿ ಚಿತ್ರ ಮತ್ತು ಧ್ವನಿಗಳೂ ಇದ್ದುವು. ಆಕೆ ಇಡೀ WhatsApp ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡಳು. ಕೆಲವೇ ನಿಮಿಷಗಳ ಕೆಲಸ.

ಏಳು ದಿನಗಳ ಬೀಗ

ಶುಕ್ರವಾರ ಸಂಜೆ ವಾಟ್ಸ್‌ಆಪಿನಲ್ಲಿ ಸಂಖ್ಯೆಯನ್ನು ಒತ್ತಿ, ಕರೆಯ ಮೂಲಕ ಬಂದ ಆರಂಕಿಯನ್ನು ತುಂಬಿದಾಗ ಬಾಗಿಲು ತೆರೆಯಲಿಲ್ಲ. ಇನ್ನೊಂದು ಪಿನ್ ಕೇಳಿತು. ತಾಯಿ ಎಂದೂ ಪಿನ್ ಇಟ್ಟವರಲ್ಲ. ಕಳ್ಳನು ಎರಡು ಹಂತದ ದೃಢೀಕರಣವನ್ನು ತಾನೇ ಹೂಡಿ ಬೀಗ ಜಡಿದು ಹೋಗಿದ್ದ.

ಇದನ್ನು ಕಂಡು ಎದೆಗೆಡಬೇಕಾಗಿಲ್ಲ. ಆರಂಕಿಯನ್ನು ತುಂಬಿದ ಕ್ಷಣದಲ್ಲಿಯೇ, ಪಿನ್ ಗೊತ್ತಿರಲಿ ಬಿಡಲಿ, ಕಳ್ಳನು ಖಾತೆಯಿಂದ ಹೊರಬಿದ್ದಿರುತ್ತಾನೆ. ಒಡೆಯರು ಮಾತ್ರ ಏಳು ದಿನ ಕಾಯಬೇಕು. ಆಮೇಲೆ ಪಿನ್ ಇಲ್ಲದೆಯೇ ಒಳಹೋಗಬಹುದು.  

ಆದರೆ ಕಾಯುವುದೇ ಕಷ್ಟ. ಭಾನುವಾರ ಮನೆಗೆ ಬಂದ ತಮ್ಮನ ಮಗ, ‘ಅತ್ತೆ, ಇದನ್ನು ತೆಗೆದು ಹೊಸದಾಗಿ ಹಾಕಿಬಿಟ್ಟರೆ ಪಿನ್ ಕೇಳುವುದಿಲ್ಲ’ ಎಂದು, ಅವರು ಬೇಡವೆನ್ನುವುದರೊಳಗೆ ವಾಟ್ಸ್‌ಆಪನ್ನು ಅಳಿಸಿ ಮತ್ತೆ ಹಾಕಿದ. ಪಿನ್ ಇರುವುದು ಫೋನಿನಲ್ಲಲ್ಲ, ಕಂಪೆನಿಯ ಬಳಿ; ಆದ್ದರಿಂದ ಅದು ಮತ್ತೆ ಕೇಳಿತು. ಕಳ್ಳನಿಗೆ ಎಟುಕದೆ ಉಳಿದಿದ್ದ ಮೊದಲ ಪ್ರತಿ ಒಳ್ಳೆಯ ಹುಡುಗನ ಅವಸರದಿಂದ ಹೋಯಿತು.

ಇನ್ನು ಉಳಿದದ್ದು ರಾತ್ರಿಯ ನಕಲು. ವಾಟ್ಸ್‌ಆಪನ್ನು ತೆಗೆದರೂ ಆ ಫೋಲ್ಡರು ಫೋನಿನಲ್ಲಿ ಉಳಿಯುವುದುಂಟು. ಆದರೆ ಎಲ್ಲ ಫೋನುಗಳಲ್ಲೂ ಉಳಿದೇ ಉಳಿಯುತ್ತದೆಂದು ನಂಬುವಂತಿಲ್ಲ. ಮಗಳ ಕಂಪ್ಯೂಟರಿನಲ್ಲಿ ಪ್ರತಿಯಿದ್ದುದರಿಂದ ಆ ಚಿಂತೆ ಇಲ್ಲವಾಯಿತು.

ಹಳೆಯ ನಕಲನ್ನು ಮರಳಿ ಕೂಡಿಸಿದ್ದು

Databases ಫೋಲ್ಡರಿನಲ್ಲಿ ಸುಮಾರು ಒಂದು ವಾರದ ನಕಲುಗಳು ಇರುತ್ತವೆ. ತೀರ ಈಚಿನದಕ್ಕೆ ದಿನಾಂಕವಿಲ್ಲ. ಹಿಂದಿನವುಗಳ ಹೆಸರಿನಲ್ಲಿಯೇ ದಿನಾಂಕವಿರುತ್ತದೆ:

```
msgstore.db.crypt14
msgstore-2025-06-11.1.db.crypt14
```

ಇಲ್ಲಿ ನೋಡಬೇಕಾದುದು ಎರಡು: ತಾರೀಖು ಮತ್ತು ಗಾತ್ರ. ದಿನಾಂಕವಿಲ್ಲದ ನಕಲು ಬದಲಾದ ಹೊತ್ತು ಜೂನ್ 12ರ ಬೆಳಗಿನ ಜಾವ ಎರಡು ಗಂಟೆ, ಎಂದರೆ ಕಳ್ಳತನಕ್ಕೆ ಮುಂಚೆ. ಅದರ ಗಾತ್ರವೂ ಹಿಂದಿನ ದಿನಗಳದಕ್ಕೆ ಸಮನಾಗಿತ್ತು. ಸಂಭಾಷಣೆಗಳು ಅಳಿದಿದ್ದರೆ ಗಾತ್ರವು ಥಟ್ಟನೆ ಕುಗ್ಗಿರುತ್ತಿತ್ತು. ಆದ್ದರಿಂದ ಆ ನಕಲನ್ನೇ ಬಳಸಬಹುದಾಗಿತ್ತು. ಒಂದು ವೇಳೆ ಅದು ಕುಗ್ಗಿದ್ದರೆ, ಹಿಂದಿನ ದಿನದ ಒಳ್ಳೆಯ ನಕಲನ್ನು ಆರಿಸಿ, ಹೆಸರಿನಲ್ಲಿರುವ ದಿನಾಂಕದ ಭಾಗವನ್ನು ತೆಗೆದು `msgstore.db.crypt14` ಎಂದು ಮಾಡಬೇಕು. ಕೆಟ್ಟದ್ದಕ್ಕೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಡಬೇಕು. ಕೊನೆಯಲ್ಲಿರುವ ಅಂಕಿಯನ್ನು, ಅದು 14 ಇರಲಿ 15 ಇರಲಿ, ಬದಲಿಸಲಾಗದು. ಅದು ಬೀಗದ ಜಾತಿಯನ್ನು ತಿಳಿಸುವ ಗುರುತು.

ಜೂನ್ 20ರಂದು ಏಳು ದಿನ ತುಂಬಿದುವು. ಅಂದು ಮಗಳು ಅನುಸರಿಸಿದ ಕ್ರಮ ಇಷ್ಟು. ಮೊದಲು ವಾಟ್ಸ್‌ಆಪನ್ನು ಫೋನಿನಿಂದ ತೆಗೆದಳು; ಹುಡುಗನು ಹಾಕಿದ್ದು ಅರ್ಧದಲ್ಲಿ ನಿಂತಿತ್ತಲ್ಲ. ಫೋನಿನ ಸೆಟ್ಟಿಂಗ್ಸಿಗೆ ಹೋಗಿ, ತಾಯಿಯ ಗೂಗಲ್ ಖಾತೆಯನ್ನು ಆ ಫೋನಿನಿಂದ ತಾತ್ಕಾಲಿಕವಾಗಿ ಬಿಡಿಸಿದಳು. ಖಾತೆಯನ್ನು ಅಳಿಸಿದ್ದಲ್ಲ, ಫೋನಿನೊಡನೆ ಅದರ ನಂಟನ್ನು ಬಿಡಿಸಿದ್ದು ಮಾತ್ರ. ಗೂಗಲ್ ಖಾತೆ ಫೋನಿನಲ್ಲಿಲ್ಲದಿದ್ದರೆ ವಾಟ್ಸ್‌ಆಪಿಗೆ ಕಳ್ಳನ ಕೆಟ್ಟ ನಕಲು ಕಣ್ಣಿಗೆ ಬೀಳುವುದಿಲ್ಲ, ಫೋನಿನೊಳಗೆ ಹುಡುಕುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿದ್ದ Databases ಮತ್ತು Media ಫೋಲ್ಡರುಗಳನ್ನು ಅದೇ ಹಳೆಯ ಜಾಡಿನಲ್ಲಿ ಫೋನಿಗೆ ಇಳಿಸಿದಳು. ಕಡೆಗೆ ವಾಟ್ಸ್‌ಆಪನ್ನು ಹೊಸದಾಗಿ ಹಾಕಿ, ಅದೇ ಸಂಖ್ಯೆಯನ್ನು ದೃಢಪಡಿಸಿ, ಕಡತಗಳನ್ನು ನೋಡಲು ಅದು ಕೇಳಿದ ಅನುಮತಿಯನ್ನು ಕೊಟ್ಟಳು. ಈ ಅನುಮತಿಯನ್ನು ನಿರಾಕರಿಸಿದರೆ ನಕಲು ಎದುರಿಗೇ ಇದ್ದರೂ ಅದಕ್ಕೆ ಕಾಣದು.

ಪರದೆಯ ಮೇಲೆ ‘ನಕಲು ದೊರಕಿದೆ’ ಎಂಬ ಸೂಚನೆ ಬಂತು. ಇಲ್ಲಿ ಕೈಯನ್ನು ತಡೆದು ಓದಬೇಕು. ನಕಲಿನ ತಾರೀಖು, ಗಾತ್ರ ಎರಡನ್ನೂ ಅಲ್ಲಿ ಕೊಟ್ಟಿರುತ್ತದೆ. ತಾರೀಖು ಕಳ್ಳನ ಕಾಲದ್ದಾಗಿದ್ದು ಗಾತ್ರ ಅತ್ಯಲ್ಪವಾಗಿದ್ದರೆ ಅದು ಗೂಗಲಿನಿಂದ ಬಂದ ಕೆಟ್ಟ ಪ್ರತಿ, ಒಪ್ಪಬಾರದು. ಹಾಗೆಂದು ‘ಬೇಡ’ ಎಂದು ಒತ್ತಿ ಮುಂದುವರಿಯಲೂಬಾರದು. ಹಾಗೆ ಮಾಡಿದರೆ ಬರಿದಾದ ವಾಟ್ಸ್‌ಆಪ್ ತೆರೆದುಕೊಂಡು, ಅಂದಿನ ರಾತ್ರಿ ಎರಡು ಗಂಟೆಗೆ ಆ ಬರಿದನ್ನೇ ನಕಲು ಮಾಡಿಡುತ್ತದೆ. ದಿನ ಕಳೆದಂತೆ ಒಳ್ಳೆಯ ನಕಲುಗಳು ಒಂದೊಂದಾಗಿ ಹಿಂದೆ ಸರಿದು ಮರೆಯಾಗುತ್ತವೆ. ಆ ಹಂತದಲ್ಲಿ ವಾಟ್ಸ್‌ಆಪನ್ನು ಮುಚ್ಚಿ, ತೆಗೆದು, ಮೊದಲಿನಿಂದ ಆರಂಭಿಸುವುದೇ ಸರಿ.

ಇಲ್ಲಿ ಕಂಡ ತಾರೀಖು ಜೂನ್ 12. ಗಾತ್ರವೂ ಸರಿಯಾಗಿತ್ತು. ಮಗಳು ಒಪ್ಪಿಗೆಯ ಗುಂಡಿಯನ್ನೊತ್ತಿದಳು. ಹಸುರು ಗೆರೆ ಮೆಲ್ಲಗೆ ಮುಂದೆ ಸಾಗಿ, ಸಂಭಾಷಣೆಗಳ ಪಟ್ಟಿ ತುಂಬಿಕೊಂಡಿತು. ಪತಿಯ ಹೆಸರು ಪಟ್ಟಿಯ ಬಹಳ ಕೆಳಗೆ, ಇದ್ದಲ್ಲಿಯೇ ಇತ್ತು.

ಮರಳಿ ಬಾರದೆ ಉಳಿದುದು

ಎಲ್ಲವೂ ಬಂತೆಂದು ಹೇಳುವಂತಿಲ್ಲ. ನಕಲು ಆದದ್ದು ಜೂನ್ 12ರ ಬೆಳಗಿನ ಜಾವ ಎರಡಕ್ಕೆ. ಖಾತೆ ಕೈತಪ್ಪಿದ್ದು ಅಂದು ರಾತ್ರಿ ಹತ್ತಕ್ಕೆ. ನಡುವಣ 20 ಗಂಟೆಗಳ ಮಾತು ಯಾವ ನಕಲಿನಲ್ಲಿಯೂ ಇರಲಿಲ್ಲ. ಹುಡುಗನು ವಾಟ್ಸ್‌ಆಪನ್ನು ತೆಗೆಯದೆ ಇದ್ದಿದ್ದರೆ ಅವೂ ಇರುತ್ತಿದ್ದುವು. ಇನ್ನು, ಕಳ್ಳನ ವಶದಲ್ಲಿ ಖಾತೆಯಿದ್ದಾಗ ಬಂದ ಸಂದೇಶಗಳು ಅವನ ಫೋನಿಗೆ ತಲಪಿ ಮುಗಿದುವು. ತಾಯಿಯ ಫೋನಿಗೆ ಅವು ಬರಲೇ ಇಲ್ಲ.

ಇವೆರಡಕ್ಕೂ ಇರುವ ಆಸರೆ ಅತ್ತ ಕಡೆಯ ಪ್ರತಿ. ತಂಗಿಯ ಫೋನಿನಲ್ಲಿ ಅಕ್ಕನೊಡನೆ ನಡೆದ ಮಾತೆಲ್ಲ ಹಾಗೆಯೇ ಇತ್ತು, ಕಳ್ಳನು ಹಣ ಕೇಳಿದ ಸಾಲುಗಳೂ ಸೇರಿ. ಸಂಭಾಷಣೆಯ ಮೇಲ್ಭಾಗದ ಪಟ್ಟಿಯಲ್ಲಿ ಅದನ್ನು ಹೊರಕ್ಕೆ ಕಳುಹಿಸುವ Export chat ಎಂಬ ಅನುಕೂಲವಿದೆ. ತಂಗಿ ಅದನ್ನು ಒತ್ತಿ, ತಾರೀಖು ಗಂಟೆಗಳ ಸಹಿತ ಇಡೀ ಮಾತುಕತೆಯನ್ನು ಅಕ್ಷರದ ಕಡತವಾಗಿ ಕಳುಹಿಸಿಕೊಟ್ಟಳು. ಅದನ್ನು ಓದಬಹುದು, ಅಚ್ಚುಮಾಡಿ ಪೊಲೀಸರಿಗೆ ಕೊಡಬಹುದು. ವಾಟ್ಸ್‌ಆಪಿನೊಳಕ್ಕೆ ಮತ್ತೆ ಸೇರಿಸಲು ಮಾತ್ರ ಬಾರದು.

ಐಫೋನ್ ಇಟ್ಟುಕೊಂಡವರಿಗೆ ರಾತ್ರಿಯ ನಕಲಿನ ಈ ಸೌಕರ್ಯವಿಲ್ಲ. ಅಲ್ಲಿ ನಕಲು ಹೋಗುವುದು ಐಕ್ಲೌಡಿಗೆ. ಆದ್ದರಿಂದ ಅವರು ವಾಟ್ಸ್‌ಆಪನ್ನು ತೆಗೆಯದೆ ಉಳಿಸಿಕೊಳ್ಳುವುದು ಇನ್ನೂ ಮುಖ್ಯ.

ಟೆಲಿಗ್ರಾಂ ಬಳಸುವವರ ಸ್ಥಿತಿ ಇದಕ್ಕೆ ತಲೆಕೆಳಗು. ಅಲ್ಲಿ ಸಾಮಾನ್ಯ ಸಂಭಾಷಣೆಗಳು ಇರುವುದೇ ಕಂಪೆನಿಯ ಗಣಕದಲ್ಲಿ. ಖಾತೆಗೆ ನುಗ್ಗಿದ ಕಳ್ಳನಿಗೆ ಹಳೆಯದೆಲ್ಲ ಕಾಣುತ್ತದೆ; ಅವನು ಅಳಿಸಿದ್ದು ಎಲ್ಲ ಉಪಕರಣಗಳಿಂದಲೂ ಅಳಿಯುತ್ತದೆ. ಇಬ್ಬರ ಕಡೆಯಿಂದಲೂ ಅಳಿಸುವ ಅನುಕೂಲ 2019ರಿಂದ ಅಲ್ಲಿರುವ ಕಾರಣ ಅತ್ತ ಕಡೆಯ ಪ್ರತಿಯನ್ನೂ ನೆಚ್ಚುವಂತಿಲ್ಲ. ಒಡೆಯರಿಗೆ ಇರುವ ಒಂದು ಬಲವೆಂದರೆ, ಹೊಸದಾಗಿ ಒಳಬಂದವನು ಮೊದಲ 24 ಗಂಟೆಗಳಲ್ಲಿ ಹಳೆಯ ಉಪಕರಣಗಳನ್ನು ಹೊರಹಾಕಲಾರ. ಅಷ್ಟರೊಳಗೆ ತಮ್ಮ ಫೋನಿನ ಟೆಲಿಗ್ರಾಮಿನಿಂದಲೇ ಅವನನ್ನು ಹೊರಗಟ್ಟಿದರೆ ಉಳಿದಷ್ಟು ಉಳಿಯಿತು.

ಮೈಸೂರಿನ ಆ ಮನೆಯಲ್ಲಿ ಅನಂತರ ಮೂರು ಬದಲಾವಣೆಗಳಾದುವು. ವಾಟ್ಸ್‌ಆಪಿಗೆ ತಾಯಿಯೇ ಪಿನ್ ಇಟ್ಟು, ಅದು ಮರೆತರೆ ಬಿಡಿಸಿಕೊಳ್ಳಲು ಇಮೇಲ್ ವಿಳಾಸವನ್ನೂ ಕೊಟ್ಟರು. ಮೊದಲೇ ಇದಿದ್ದರೆ, ಸಂಖ್ಯೆಯನ್ನು ಹಿಡಿದ ಕಳ್ಳನು ಆ ರಾತ್ರಿ ವಾಟ್ಸ್‌ಆಪಿನ ಹೊಸ್ತಿಲಲ್ಲಿಯೇ ನಿಲ್ಲಬೇಕಾಗುತ್ತಿತ್ತು. ಗೂಗಲ್ ಖಾತೆಯನ್ನು ಬಿಡಿಸಿಕೊಳ್ಳುವ ದಾರಿಯಿಂದ ಮೊಬೈಲ್ ಸಂಖ್ಯೆಯನ್ನು ತೆಗೆದು ಬೇರೆ ಏರ್ಪಾಡು ಮಾಡಿದರು. ಮೂರನೆಯದಾಗಿ, ಮಗಳು ಅಪ್ಪನ ಸಂಭಾಷಣೆಯೊಂದನ್ನು ಅಕ್ಷರದ ಕಡತವಾಗಿ ಹೊರತೆಗೆದು, ಕಾಗದದ ಮೇಲೆ ಅಚ್ಚುಮಾಡಿಸಿ, ದಾರ ಹಾಕಿ ಹೊಲಿದು ಅಮ್ಮನ ಕೈಗಿತ್ತಳು. ಅದು ಈಗ ಬೀರುವಿನಲ್ಲಿ, ಮನೆಯ ಹಳೆಯ ಕಾಗದಪತ್ರಗಳ ಜೊತೆಗಿದೆ.